ಕಾಗದದ ಮೇಲಿನ ಎರಡನೇ ತೊಲೆ

ಲಾರಿ ರಿಪೇರಿಯ ಗ್ಯಾರೇಜುಗಳಲ್ಲಿ ಎರಡು ಗೋಡೆಗಳ ಮೇಲೆ ಅಡ್ಡಲಾಗಿ ಮಲಗಿಸಿದ ಕಬ್ಬಿಣದ ತೊಲೆಯೊಂದು ಇರುತ್ತದೆ. ಅದರ ನಟ್ಟನಡುವೆ ಚೈನ್ ಬ್ಲಾಕ್ ನೇತುಹಾಕಿ ಎಂಜಿನ್ನನ್ನೋ ಗೇರ್ ಬಾಕ್ಸನ್ನೋ ಮೇಲೆತ್ತುತ್ತಾರೆ. ಸರಪಳಿ ಬಿಗಿಯಾಗುತ್ತಿದ್ದಂತೆ ತೊಲೆ ಒಂದಿಷ್ಟು ಕೆಳಗೆ ಜಗ್ಗುತ್ತದೆ, ಭಾರ ಇಳಿಸಿದೊಡನೆ ಮತ್ತೆ ನೆಟ್ಟಗಾಗುತ್ತದೆ. ನೋಡುತ್ತ ನಿಂತವರಿಗೆ ಇದು ಗೊತ್ತೇ ಆಗುವುದಿಲ್ಲ. ಗೊತ್ತಾಗುವಷ್ಟು ಜಗ್ಗಿದರೆ ಅಲ್ಲಿ ನಿಲ್ಲುವ ಧೈರ್ಯವೂ ಯಾರಿಗೂ ಇರುವುದಿಲ್ಲ.

ಇಂಥದೊಂದು ತೊಲೆಯನ್ನೇ ಎದುರಿಗೆ ಇಟ್ಟುಕೊಳ್ಳೋಣ. ಆಸರೆಯಿಂದ ಆಸರೆಗೆ 4 ಮೀಟರ್. ತೊಲೆ ಐಎಸ್‌ಎಂಬಿ 200, ಅಂದರೆ ಕಬ್ಬಿಣದ ಅಂಗಡಿಯಲ್ಲಿ ಸುಲಭವಾಗಿ ಸಿಗುವ, 200 ಮಿಲಿಮೀಟರ್ ಎತ್ತರದ ಐ ಆಕಾರದ ಬೀಮ್. ನಡುವೆ ತೂಗುವ ಭಾರ ಸುಮಾರು 2 ಟನ್, ಎಂಜಿನಿಯರುಗಳ ಲೆಕ್ಕದಲ್ಲಿ 20 ಕಿಲೋನ್ಯೂಟನ್. ಗ್ಯಾರೇಜಿನ ಮೇಸ್ತ್ರಿಗೆ ತೊಲೆ ಸ್ವಲ್ಪ ಹೆಚ್ಚೇ ಜಗ್ಗುತ್ತಿದೆ ಅನ್ನಿಸಿದೆ. ಮೇಲೆ ಕೆಳಗೆ ಒಂದೊಂದು ಕಬ್ಬಿಣದ ಪಟ್ಟಿ ಬೆಸೆದು ಗಟ್ಟಿ ಮಾಡಿಸುವ ಯೋಚನೆ. ಅವನ ಪ್ರಶ್ನೆ ನೇರವಾಗಿದೆ: "ಸಾರ್, ಪಟ್ಟಿ ಉದ್ದಕ್ಕೂ ಹಾಕ್ಸಲಾ, ಇಲ್ಲ ನಡುವೆ ಮಾತ್ರ ಸಾಕಾ?"

ಎಂಜಿನಿಯರಿಂಗ್ ಓದಿದವರ ಬಾಯಲ್ಲಿ ಇದಕ್ಕೊಂದು ಸೂತ್ರ ತಟ್ಟನೆ ಬರುತ್ತದೆ: WL³/48EI. ನಡುವೆ W ಭಾರ ಹೊತ್ತ, L ಉದ್ದದ ತೊಲೆ ನಡುವೆ ಎಷ್ಟು ಇಳಿಯುತ್ತದೆ ಎಂಬುದರ ಲೆಕ್ಕ ಇದು. ಆದರೆ ಮೇಸ್ತ್ರಿಯ ಪ್ರಶ್ನೆಗೆ ಈ ಸೂತ್ರ ಉತ್ತರ ಕೊಡುವುದಿಲ್ಲ. ತೊಲೆ ಉದ್ದಕ್ಕೂ ಒಂದೇ ದಪ್ಪ ಇದ್ದಾಗ ಮಾತ್ರ ಅದು ನಡೆಯುತ್ತದೆ. 48 ಎಂಬ ಆ ಅಂಕಿ ಎಲ್ಲಿಂದ ಬಂತು ಎಂದು ತಿಳಿದವರಿಗಷ್ಟೇ ಮುಂದಿನ ದಾರಿ ಕಾಣುತ್ತದೆ. ಅದನ್ನು ತಿಳಿಯಲು ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಕಾಂಜುಗೇಟ್ ಬೀಮ್ ವಿಧಾನ. ನಿಜವಾದ ತೊಲೆಯ ಜೊತೆಗೆ ಕಾಗದದ ಮೇಲೆ ಇನ್ನೊಂದು ತೊಲೆ ಬರೆದು, ಮೊದಲನೆಯದರ ಬಾಗನ್ನು ಎರಡನೆಯದರ ತೂಕದಿಂದ ಓದುವ ಉಪಾಯ ಇದು.

ಮೂರು ಮಾತುಗಳನ್ನು ಮೊದಲು ಬಿಡಿಸಿಕೊಳ್ಳಬೇಕು. ತೊಲೆಯ ಒಂದು ಬಿಂದು ತನ್ನ ಮೊದಲಿನ ಜಾಗದಿಂದ ಎಷ್ಟು ಕೆಳಗೆ ಹೋಯಿತೋ ಅದು ಇಳಿತ. ತರಗತಿಯಲ್ಲಿ ಡಿಫ್ಲೆಕ್ಷನ್ ಅನ್ನುತ್ತಾರೆ. ಆ ಜಾಗದಲ್ಲಿ ತೊಲೆ ಎಷ್ಟು ವಾಲಿದೆಯೋ ಅದು ಓರೆ, ಅಂದರೆ ಸ್ಲೋಪ್. ಮುಂದೆ ಸಾಗಿದಂತೆ ಆ ಓರೆ ಎಷ್ಟು ಬೇಗ ಬದಲಾಗುತ್ತದೋ ಅದು ಡೊಂಕು. ರಸ್ತೆಗೆ ಹೋಲಿಸಿದರೆ ಸುಲಭ. ಘಾಟಿಯಲ್ಲಿ ನೀವು ಎಷ್ಟು ಕೆಳಗೆ ಬಂದಿದ್ದೀರಿ ಎಂಬುದು ಇಳಿತ. ರಸ್ತೆ ಎಷ್ಟು ಇಳಿಜಾರಾಗಿದೆ ಎಂಬುದು ಓರೆ. ಇಳಿಜಾರು ಎಲ್ಲಿ ಹೆಚ್ಚಾಗುತ್ತ, ಎಲ್ಲಿ ಕಡಿಮೆಯಾಗುತ್ತ ಹೋಗುತ್ತದೆ ಎಂಬುದು ಡೊಂಕು.

ಈ ಮೂರರಲ್ಲಿ ತೊಲೆಯ ಬಗ್ಗೆ ನಮಗೆ ನೇರವಾಗಿ ಸಿಗುವುದು ಡೊಂಕು ಮಾತ್ರ. ಯಾವುದೇ ಜಾಗದಲ್ಲಿ ಡೊಂಕು ಎಷ್ಟೆಂದರೆ ಅಲ್ಲಿನ ಬೆಂಡಿಂಗ್ ಮೊಮೆಂಟನ್ನು EI ಯಿಂದ ಭಾಗಿಸಿದಷ್ಟು. ಮೊಮೆಂಟ್ ಅಂದರೆ ಭಾರವು ತೊಲೆಯನ್ನು ಅಲ್ಲಿ ಎಷ್ಟು ತಿರುಚಿ ಬಾಗಿಸಲು ನೋಡುತ್ತಿದೆ ಎಂಬ ಲೆಕ್ಕ. EI ಅಂದರೆ ತೊಲೆಯ ಬಿಗುಪು. ಅದರಲ್ಲಿ E ಲೋಹದ ಗುಣ, I ಆಕಾರದ ಗುಣ. ಉಕ್ಕು ಯಾವ ದರ್ಜೆಯದಾದರೂ E ಹೆಚ್ಚುಕಡಿಮೆ ಒಂದೇ, ಚದರ ಮಿಲಿಮೀಟರಿಗೆ 2,00,000 ನ್ಯೂಟನ್. ಆದ್ದರಿಂದ ಹೆಚ್ಚು ಬಲದ ಉಕ್ಕು ತಂದರೆ ತೊಲೆ ಕಡಿಮೆ ಜಗ್ಗುತ್ತದೆ ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ಅದು ಮುರಿಯುವುದು, ಬಾಗಿದಲ್ಲೇ ನಿಂತುಬಿಡುವುದು ತಡವಾದೀತು. ಜಗ್ಗುವುದು ಮಾತ್ರ ಅಷ್ಟೇ. ಜಗ್ಗು ಕಡಿಮೆಯಾಗಬೇಕಾದರೆ I ಹೆಚ್ಚಬೇಕು. ನಮ್ಮ ತೊಲೆಯ I ಸುಮಾರು 2,235 ಸೆಂಟಿಮೀಟರ್‌ನ ನಾಲ್ಕನೇ ಘಾತ ಎಂದು ಕೋಷ್ಟಕ ಹೇಳುತ್ತದೆ. ಎರಡನ್ನೂ ಗುಣಿಸಿದರೆ EI 4,470 ಕಿಲೋನ್ಯೂಟನ್ ಚದರ ಮೀಟರ್.

ಇನ್ನು ಡೊಂಕಿನಿಂದ ಇಳಿತಕ್ಕೆ ಹೋಗುವ ದಾರಿ. ಡೊಂಕನ್ನು ತೊಲೆಯುದ್ದಕ್ಕೂ ಕೂಡಿಸುತ್ತ ಹೋದರೆ ಓರೆ ಸಿಗುತ್ತದೆ. ಆ ಓರೆಯನ್ನು ಮತ್ತೆ ಕೂಡಿಸುತ್ತ ಹೋದರೆ ಇಳಿತ. ಎರಡು ಸಲ ಕೂಡಿಸಿದರೆ ಮುಗಿಯಿತು. ತೊಡಕು ಒಂದೇ: ಎಲ್ಲಿಂದ ಶುರು ಮಾಡುವುದು? ಎಡತುದಿಯಲ್ಲಿ ಇಳಿತ ಸೊನ್ನೆ ಎಂದು ಗೊತ್ತು, ಅಲ್ಲಿ ಗೋಡೆ ಇದೆ. ಆದರೆ ಎಡತುದಿಯಲ್ಲಿ ಓರೆ ಎಷ್ಟು? ಗೋಡೆಯ ಮೇಲೆ ಸುಮ್ಮನೆ ಕೂತ ತೊಲೆ ನಡುವೆ ಜಗ್ಗಿದಾಗ ತುದಿಯಲ್ಲಿ ಒಂದಿಷ್ಟು ವಾಲಿಯೇ ಇರುತ್ತದೆ, ಆ ಮೊತ್ತ ಮಾತ್ರ ಗೊತ್ತಿಲ್ಲ. ಕೂಡುವ ಲೆಕ್ಕಕ್ಕೆ ಮೊದಲ ಬಾಕಿಯೇ ಇಲ್ಲದ ಹಾಗೆ.

ಇದೇ ತೊಡಕು ಇನ್ನೊಂದು ಕಡೆಯೂ ಇದೆ, ಅಲ್ಲಿ ಅದನ್ನು ನಾವು ದಿನವೂ ಬಿಡಿಸುತ್ತೇವೆ. ತೊಲೆಯ ಮೇಲಿನ ಭಾರವನ್ನು ಕೂಡಿಸುತ್ತ ಹೋದರೆ ಶಿಯರ್ ಫೋರ್ಸ್. ಶಿಯರನ್ನು ಕೂಡಿಸುತ್ತ ಹೋದರೆ ಬೆಂಡಿಂಗ್ ಮೊಮೆಂಟ್. ಅಲ್ಲಿಯೂ ಎಡತುದಿಯಿಂದ ಹೊರಡುವಾಗ ಮೊದಲ ಬಾಕಿ ಬೇಕು, ಅದೇ ಎಡಗೋಡೆ ಹೊರುವ ಪಾಲು. ಅದನ್ನು ಕಂಡುಹಿಡಿಯಲು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇಬ್ಬರು ಹೆಗಲ ಮೇಲೆ ಬೊಂಬು ಇಟ್ಟು ನಡುವೆ ಮೂಟೆ ತೂಗಿಸಿಕೊಂಡು ಹೋಗುವಾಗ ಯಾರಿಗೆ ಎಷ್ಟು ಭಾರ ಎಂಬುದು ತಕ್ಕಡಿಯ ನ್ಯಾಯದಿಂದಲೇ ತೀರ್ಮಾನವಾಗುತ್ತದೆ.

ಅಂದಮೇಲೆ ಡೊಂಕನ್ನೇ ಭಾರ ಎಂದುಕೊಂಡರೆ? ಅದನ್ನು ಹೊತ್ತ ಎರಡನೇ ತೊಲೆಯೊಂದನ್ನು ಕಾಗದದ ಮೇಲೆ ಬರೆದರೆ, ಅದರ ಶಿಯರೇ ನಮ್ಮ ಓರೆ, ಅದರ ಮೊಮೆಂಟೇ ನಮ್ಮ ಇಳಿತ. ಗೊತ್ತಿಲ್ಲದಿದ್ದ ತುದಿಯ ಓರೆ ಆ ತೊಲೆಯ ಗೋಡೆ ಹೊರುವ ಪಾಲಾಗಿ, ತಕ್ಕಡಿ ನ್ಯಾಯದಿಂದ ತಾನಾಗಿ ಸಿಗುತ್ತದೆ. ಈ ವಿಧಾನದ ಜೀವ ಇಷ್ಟರಲ್ಲೇ ಇದೆ.

ಈ ಸಾಮ್ಯವನ್ನು ಹಿಡಿದವನು ಒಟ್ಟೊ ಮೋರ್ ಎಂಬ ಜರ್ಮನ್ ಎಂಜಿನಿಯರ್. ರೈಲ್ವೆ ಸೇತುವೆಗಳ ಕೆಲಸ ಮಾಡಿ ಆಮೇಲೆ ಪ್ರಾಧ್ಯಾಪಕನಾದವನು. ಬಾಗಿದ ತೊಲೆಯ ಆಕಾರವೂ ಭಾರ ಹೊತ್ತು ಜೋತಾಡುವ ಹಗ್ಗದ ಆಕಾರವೂ ಒಂದೇ ಲೆಕ್ಕಕ್ಕೆ ಒಳಪಟ್ಟವು ಎಂದು 1868ರಲ್ಲಿ ಅವನು ತೋರಿಸಿದ. ಬಾಗಿಲಿಗೆ ಕಟ್ಟಿದ ತೋರಣದ ಹಗ್ಗಕ್ಕೆ ಎಲೆಗಳ ಬದಲು ಡೊಂಕಿನ ತೂಕಗಳನ್ನು ಪೋಣಿಸಿದರೆ, ಹಗ್ಗ ತಳೆಯುವ ರೂಪವೇ ತೊಲೆಯ ಬಾಗು. ಕಾಂಜುಗೇಟ್ ಬೀಮ್ ಎಂಬ ಹೆಸರು ನೆಲೆಯಾದದ್ದು ತಡವಾಗಿ. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಹೇಳುತ್ತಿದ್ದ ಹೆರಾಲ್ಡ್ ವೆಸ್ಟರ್‌ಗಾರ್ಡ್ 1921ರಲ್ಲಿ ಆ ಹೆಸರಿನ ಲೇಖನವನ್ನೇ ಪ್ರಕಟಿಸಿ, ಎರಡನೇ ತೊಲೆಗೆ ಎಂಥ ಆಸರೆ ಕೊಡಬೇಕು ಎಂಬ ನಿಯಮವನ್ನು ನಿಚ್ಚಳ ಮಾಡಿದ.

ಆ ನಿಯಮ ಮುಖ್ಯವಾದದ್ದು, ಯಾಕೆಂದರೆ ಎರಡನೇ ತೊಲೆ ಯಾವಾಗಲೂ ಮೊದಲನೆಯದರ ನಕಲಲ್ಲ. ಗೋಡೆಯಿಂದ ಹೊರಚಾಚಿದ ಸಜ್ಜಾವನ್ನು ನೋಡಿ. ಗೋಡೆಯೊಳಗೆ ಬಿಗಿದ ತುದಿಯಲ್ಲಿ ಓರೆಯೂ ಇಲ್ಲ, ಇಳಿತವೂ ಇಲ್ಲ. ಹಾಗಾಗಿ ಅದರ ಜೋಡಿ ತೊಲೆಯ ಆ ತುದಿಯಲ್ಲಿ ಶಿಯರೂ ಇರಬಾರದು, ಮೊಮೆಂಟೂ ಇರಬಾರದು. ಅಂದರೆ ಅಲ್ಲಿ ಆಸರೆಯೇ ಇಲ್ಲ. ಬಿಗಿದ ತುದಿ ಬಿಡುಗಡೆಯಾಗಿ, ಬಿಡುವಾಗಿದ್ದ ತುದಿ ಬಿಗಿಯಾಗಿ, ಸಜ್ಜಾ ತಿರುಗಿ ಕೂರುತ್ತದೆ. ನಮ್ಮ ಗ್ಯಾರೇಜಿನ ತೊಲೆಯ ಅದೃಷ್ಟ ಬೇರೆ. ಅದರ ತುದಿಗಳಲ್ಲಿ ಓರೆ ಇದೆ, ಇಳಿತ ಇಲ್ಲ. ಜೋಡಿ ತೊಲೆಯ ತುದಿಗಳಲ್ಲಿ ಶಿಯರ್ ಇರಬೇಕು, ಮೊಮೆಂಟ್ ಇರಬಾರದು. ಅದು ಮತ್ತೆ ಎರಡು ಗೋಡೆಗಳ ಮೇಲೆ ಸುಮ್ಮನೆ ಕೂತ ತೊಲೆಯೇ. ಸುಮ್ಮನೆ ಕೂತ ತೊಲೆಗೆ ಅದರಂಥದೇ ಜೋಡಿ, ಅದಕ್ಕೇ ಈ ವಿಧಾನವನ್ನು ಕಲಿಯುವವರು ಇಲ್ಲಿಂದ ಶುರು ಮಾಡುವುದು.

ಈಗ ಲೆಕ್ಕ. ಎರಡು ಗೋಡೆಗಳೂ 10 ಕಿಲೋನ್ಯೂಟನ್‌ನಂತೆ ಹೊರುತ್ತವೆ. ಎಡತುದಿಯಿಂದ ನಡುವಿನವರೆಗೆ ಮೊಮೆಂಟ್ ಸಮನಾಗಿ ಏರುತ್ತದೆ: ತುದಿಯಲ್ಲಿ ಸೊನ್ನೆ, 1 ಮೀಟರಿನಲ್ಲಿ 10, ನಡುವೆ 2 ಮೀಟರಿನಲ್ಲಿ 20 ಕಿಲೋನ್ಯೂಟನ್ ಮೀಟರ್. ಆಚೆ ಅದೇ ರೀತಿ ಇಳಿಯುತ್ತದೆ. ಬರೆದರೆ ಮನೆಯ ಇಳಿಮಾಡಿನಂತೆ ಒಂದು ತ್ರಿಕೋನ. ಅದನ್ನು 4,470ರಿಂದ ಭಾಗಿಸಿದರೆ ನಡುವಿನ ಡೊಂಕು 0.00447. ಇಂಥ ಅಂಕಿ ಕಣ್ಣಿಗೆ ಹತ್ತುವುದಿಲ್ಲ, ಹೀಗೆ ಓದಿಕೊಳ್ಳಿ: ಅಲ್ಲಿ ತೊಲೆ ಒಂದು ಮೀಟರ್ ಸಾಗುವಷ್ಟರಲ್ಲಿ ಅದರ ಓರೆ ಮೀಟರಿಗೆ 4.47 ಮಿಲಿಮೀಟರಿನಷ್ಟು ಬದಲಾಗುವ ದರ.

ಈ ತ್ರಿಕೋನವನ್ನು ಜೋಡಿ ತೊಲೆಯ ಮೇಲೆ ಮರಳಿನ ರಾಶಿಯ ಹಾಗೆ ಸುರಿಯಿರಿ. ಎಡ ಅರ್ಧದ ರಾಶಿಯ ತೂಕ, ಅಂದರೆ ತ್ರಿಕೋನದ ವಿಸ್ತೀರ್ಣ: 2 ಮೀಟರ್ ಬುಡ, 4.47 ಎತ್ತರ, ಅದರ ಅರ್ಧ. 4.47 ಬಂತು. ಬಲ ಅರ್ಧವೂ ಅಷ್ಟೇ. ಎರಡೂ ಬದಿ ಸಮನಾಗಿರುವುದರಿಂದ ಎಡಗೋಡೆ ಎಡ ರಾಶಿಯನ್ನು, ಬಲಗೋಡೆ ಬಲ ರಾಶಿಯನ್ನು ಹೊರುತ್ತದೆ. ಹಾಗಾಗಿ ತುದಿಯ ಓರೆ ಮೀಟರಿಗೆ 4.47 ಮಿಲಿಮೀಟರ್. ಕೋನದ ಲೆಕ್ಕದಲ್ಲಿ ಕಾಲು ಡಿಗ್ರಿಗಿಂತ ಕೂದಲೆಳೆ ಹೆಚ್ಚು. ಸೂತ್ರ WL²/16EI ಹೇಳುವುದೂ ಇದನ್ನೇ.

ನಡುವಿನ ಇಳಿತಕ್ಕೆ ಜೋಡಿ ತೊಲೆಯ ನಡುವಿನ ಮೊಮೆಂಟ್ ಬೇಕು. ಗೋಡೆಯ 4.47 ನಡುವಿನಿಂದ 2 ಮೀಟರ್ ದೂರದಲ್ಲಿ ಮೇಲೆ ತಳ್ಳುತ್ತಿದೆ: 8.94. ಎಡ ಅರ್ಧದ ರಾಶಿ ಕೆಳಗೆ ಒತ್ತುತ್ತಿದೆ. ತ್ರಿಕೋನದ ಭಾರಕೇಂದ್ರ ಎತ್ತರದ ಬದಿಯಿಂದ ಮೂರನೇ ಒಂದು ಭಾಗದಲ್ಲಿ ಇರುವುದರಿಂದ ಅದು ನಡುವಿನಿಂದ 0.67 ಮೀಟರ್ ದೂರ: 4.47ರ ಮೂರನೇ ಎರಡು ಪಾಲು, 2.98. ಕಳೆದರೆ 5.96. ತೊಲೆ ನಡುವೆ ಇಳಿಯುವುದು 6 ಮಿಲಿಮೀಟರ್, ಒಂದು ಪೆನ್ಸಿಲಿನ ದಪ್ಪಕ್ಕಿಂತ ತುಸು ಕಡಿಮೆ. WL³/48EI ಎಂಬುದಕ್ಕೆ ಅಂಕಿ ಹಾಕಿ ನೋಡಿ, ಅಷ್ಟೇ ಬರುತ್ತದೆ. ಕೈಯಿಂದ ನಡೆಸುವ ಕ್ರೇನಿನ ತೊಲೆಗೆ ನಮ್ಮ ಐಎಸ್ 800 ಸಂಹಿತೆ ಉದ್ದದ 500ನೇ ಒಂದು ಪಾಲು, ಅಂದರೆ ಇಲ್ಲಿ 8 ಮಿಲಿಮೀಟರ್ ಜಗ್ಗಲು ಬಿಡುತ್ತದೆ. ಮೇಸ್ತ್ರಿಯ ಅಳುಕು ಸುಳ್ಳಲ್ಲ, ಆದರೆ ತೊಲೆ ಇನ್ನೂ ಗೆರೆ ದಾಟಿಲ್ಲ.

ತಪ್ಪು ಸಾಮಾನ್ಯವಾಗಿ ನುಸುಳುವುದು ಆ ಭಾರಕೇಂದ್ರದಲ್ಲಿ. ಮೂರನೇ ಒಂದು ಭಾಗವನ್ನು ತ್ರಿಕೋನದ ಚೂಪು ಬದಿಯಿಂದ ಅಳೆದುಬಿಟ್ಟರೆ ಉತ್ತರ 2.98 ಬರುತ್ತದೆ, ಸರಿಯಾದದ್ದರ ನೇರ ಅರ್ಧ. ನೋಡಲು ಏನೂ ಅಸಹಜವಿಲ್ಲದ ಅಂಕಿ, ಅದಕ್ಕೇ ಅಪಾಯ. ಇನ್ನೊಂದು ತಪ್ಪು EI ಯಿಂದ ಭಾಗಿಸುವುದನ್ನೇ ಮರೆಯುವುದು. ಆಗ ಉತ್ತರ 26.67 ಎಂದು ಬಂದು, ಅದು ಮಿಲಿಮೀಟರೋ ಮತ್ತೇನೋ ಎಂದು ಬರೆದವರಿಗೇ ತಿಳಿಯುವುದಿಲ್ಲ. ಸರಿ ನೋಡಿಕೊಳ್ಳುವ ದಾರಿಯೂ ಜೋಡಿ ತೊಲೆಯಲ್ಲೇ ಇದೆ. ಎಡತುದಿಯಿಂದ ಶಿಯರನ್ನು ಎಣಿಸುತ್ತ ಬಂದರೆ ನಡುವೆ ಅದು ಸರಿಯಾಗಿ ಸೊನ್ನೆಯಾಗಬೇಕು, ಯಾಕೆಂದರೆ ನಡುವೆ ಭಾರ ಹೊತ್ತ ತೊಲೆ ಅಲ್ಲಿ ಮಟ್ಟವಾಗಿರುತ್ತದೆ. ಆಗಲಿಲ್ಲ ಅಂದರೆ ರಾಶಿಯ ತೂಕ ಎಲ್ಲೋ ತಪ್ಪಿದೆ.

ಈಗ ಮೇಸ್ತ್ರಿಯ ಪಟ್ಟಿಗೆ ಬರೋಣ. ಮೇಲೆ ಒಂದು, ಕೆಳಗೆ ಒಂದು, 80 ಮಿಲಿಮೀಟರ್ ಅಗಲ, 12 ಮಿಲಿಮೀಟರ್ ದಪ್ಪದ ಪಟ್ಟಿ. ತೊಲೆಯ ರೆಕ್ಕೆ 100 ಮಿಲಿಮೀಟರ್ ಅಗಲ ಇರುವುದರಿಂದ ಎರಡೂ ಅಂಚಿನಲ್ಲಿ ಬೆಸುಗೆ ಕೂರಲು ಜಾಗ ಉಳಿಯುತ್ತದೆ. ಪಟ್ಟಿಗಳು ತೊಲೆಯ ನಡುಗೆರೆಯಿಂದ ದೂರ ಕೂರುವ ಕಾರಣ, ಇಷ್ಟು ಸಣ್ಣ ಕಬ್ಬಿಣವೂ I ಅನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡುತ್ತದೆ. ಲೆಕ್ಕ ಹಗುರಾಗಲು ಪೂರಾ ಎರಡು ಪಟ್ಟು ಅನ್ನೋಣ.

ಜೋಡಿ ತೊಲೆಯ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ನೋಡಬಹುದು. ತೊಲೆ ಎರಡೂ ಬದಿ ಸಮನಾಗಿರುವಾಗ, ನಡುವಿನ ಇಳಿತ ಅಂದರೆ ಎಡ ಅರ್ಧದ ರಾಶಿಯ ಪ್ರತಿ ಹಿಡಿಯನ್ನೂ ಎಡಗೋಡೆಯಿಂದ ಅದರ ದೂರದಿಂದ ಗುಣಿಸಿ ಕೂಡಿಸಿದ್ದು. ಮೇಲಿನದೇ ಅಂಕಿ: 4.47 ರಾಶಿ, ಗೋಡೆಯಿಂದ ಅದರ ಕೇಂದ್ರ 1.33 ಮೀಟರ್, ಗುಣಿಸಿದರೆ 5.96. ಹೀಗೆ ನೋಡುವುದರ ಲಾಭ ಏನೆಂದರೆ, ತೊಲೆಯ ಯಾವ ತುಂಡು ಎಷ್ಟು ಜಗ್ಗಿಗೆ ಕಾರಣ ಎಂದು ಬೇರೆಬೇರೆಯಾಗಿ ಕಾಣುತ್ತದೆ.

ಗೋಡೆಯ ಪಕ್ಕದ ಮೊದಲ ಮೀಟರ್ ತೆಗೆದುಕೊಳ್ಳಿ. ಅಲ್ಲಿ ರಾಶಿ ತೆಳು: 1 ಮೀಟರ್ ಬುಡ, 2.24 ಎತ್ತರದ ಪುಟ್ಟ ತ್ರಿಕೋನ, ತೂಕ 1.12. ಗೋಡೆಯಿಂದ ಅದರ ದೂರವೂ ಕಡಿಮೆ, 0.67 ಮೀಟರ್. ಗುಣಿಸಿದರೆ ಮುಕ್ಕಾಲು ಮಿಲಿಮೀಟರ್. ಅಂದರೆ ಆರು ಮಿಲಿಮೀಟರ್ ಜಗ್ಗಿನಲ್ಲಿ ಇದರ ಪಾಲು ಎಂಟರಲ್ಲಿ ಒಂದು. ಉಳಿದ ಏಳು ಪಾಲು, 5.22 ಮಿಲಿಮೀಟರ್, ಎಲ್ಲವೂ ಒಳಗಿನ ಮೀಟರಿನಿಂದಲೇ ಬಂದದ್ದು. ತುದಿಯತ್ತ ಮೊಮೆಂಟೂ ಸಣ್ಣದು, ದೂರವೂ ಸಣ್ಣದು. ಎರಡು ಸಣ್ಣವು ಗುಣಿಸಿಕೊಂಡಾಗ ಸಿಗುವುದು ತೀರ ಸಣ್ಣದು.

ಪಟ್ಟಿಯನ್ನು ನಡುವಿನ 2 ಮೀಟರಿಗೆ ಮಾತ್ರ ಹಾಕಿದರೆ ಅಲ್ಲಿನ ಡೊಂಕು ಅರ್ಧವಾಗುತ್ತದೆ. 5.22 ಹೋಗಿ 2.61 ಆಗುತ್ತದೆ, ಜೊತೆಗೆ ಹಳೆಯ 0.75. ಒಟ್ಟು 3.36 ಮಿಲಿಮೀಟರ್. ಉದ್ದಕ್ಕೂ 4 ಮೀಟರ್ ಹಾಕಿಸಿದ್ದರೆ ಎಷ್ಟಾಗುತ್ತಿತ್ತು? 2.98. ಇನ್ನೂ 2 ಮೀಟರ್ ಉದ್ದಕ್ಕೆ ಎರಡು ಪಟ್ಟಿ, ಸುಮಾರು 30 ಕಿಲೋ ಕಬ್ಬಿಣ, ಅದರ ಬೆಸುಗೆ, ಅದರ ಕೂಲಿ, ಇಷ್ಟೆಲ್ಲ ಸುರಿದು ಗಳಿಸುವುದು ಅರ್ಧ ಮಿಲಿಮೀಟರಿಗಿಂತ ಕಡಿಮೆ. ಇನ್ನು ಯಾರಾದರೂ ಗೋಡೆಯ ಹತ್ತಿರ ತೊಲೆ ದುರ್ಬಲವಾಗಿದೆ ಎಂದು ಭಾವಿಸಿ ಎರಡು ತುದಿಗಳ ಒಂದೊಂದು ಮೀಟರಿಗೆ ಮಾತ್ರ ಪಟ್ಟಿ ಹಾಕಿಸಿದರೆ? ಕಬ್ಬಿಣ ಅಷ್ಟೇ ಖರ್ಚಾಗುತ್ತದೆ, ಜಗ್ಗು 5.96ರಿಂದ 5.59ಕ್ಕೆ ಇಳಿಯುತ್ತದೆ. WL³/48EI ಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಈ ಮಾತು ಅದರೊಳಗಿಂದ ಹೊರಬರುವುದಿಲ್ಲ.

ಕಾಗದದ ಮೇಲಿನ 6 ಮಿಲಿಮೀಟರ್ ಗ್ಯಾರೇಜಿನಲ್ಲೂ 6 ಆಗಿರುತ್ತದೆಯೇ? ಈ ಲೆಕ್ಕ ಬಾಗುವುದನ್ನು ಮಾತ್ರ ಎಣಿಸುತ್ತದೆ. ತೊಲೆಯ ಸ್ವಂತ ತೂಕದ ಜಗ್ಗು ಇದರಲ್ಲಿ ಇಲ್ಲ. ಶಿಯರಿನಿಂದ ಆಗುವ ಸಣ್ಣ ಜಾರುವಿಕೆಯೂ ಇಲ್ಲ. ಎರಡೂ ಇಲ್ಲಿ 0.2 ಮಿಲಿಮೀಟರಿನ ಆಸುಪಾಸು, ಬಿಟ್ಟರೆ ನಷ್ಟವಿಲ್ಲ. ಉಕ್ಕು ತನ್ನ ಸ್ಥಿತಿಸ್ಥಾಪಕತೆಯ ಮಿತಿಯೊಳಗೆ ಇರಬೇಕು ಎಂಬ ಷರತ್ತೂ ಇದೆ. ಇಲ್ಲಿ ಗರಿಷ್ಠ ಒತ್ತಡ ಚದರ ಮಿಲಿಮೀಟರಿಗೆ 90 ನ್ಯೂಟನ್ನಿನ ಹತ್ತಿರ, ಸಾಮಾನ್ಯ ಉಕ್ಕಿನ ಮಿತಿ 250, ಹಾಗಾಗಿ ಅದಕ್ಕೂ ಹೆದರಬೇಕಿಲ್ಲ. ತೊಲೆ ಪಕ್ಕಕ್ಕೆ ಹೊರಳಿ ಸೋಲುವ ಸಾಧ್ಯತೆಯನ್ನು ಬೇರೆಯೇ ಪರೀಕ್ಷಿಸಬೇಕು. ಜೋಡಿ ತೊಲೆಗೆ ಅದು ಕಾಣುವುದಿಲ್ಲ.

ನಿಜವಾಗಿ ಅಂಕಿಯನ್ನು ಅಲುಗಾಡಿಸುವುದು ಗೋಡೆ. ಗೋಡೆಯ ಒಳಮೈಯಿಂದ ಒಳಮೈಗೆ 4 ಮೀಟರ್ ಅಳೆದು ಬರೆದಿರುತ್ತಾರೆ, ತೊಲೆ ನಿಜವಾಗಿ ಊರಿರುವ ಜಾಗ ಇನ್ನೂ ಒಳಗೆ. ಊರುವ ಜಾಗಗಳ ನಡುವೆ 4.2 ಮೀಟರ್ ಇದ್ದರೆ, ಉದ್ದದ ಮೂರನೇ ಘಾತದ ದೆಸೆಯಿಂದ 6 ಹೋಗಿ 6.9 ಆಗುತ್ತದೆ. ಇದಕ್ಕೆ ವಿರುದ್ಧವಾಗಿ, ತುದಿಗಳನ್ನು ಗೋಡೆಯೊಳಗೆ ಕಾಂಕ್ರೀಟಿನಲ್ಲಿ ಹೂತಿದ್ದರೆ ಅವು ಸುಮ್ಮನೆ ಕೂತ ತುದಿಗಳಲ್ಲ. ಪೂರಾ ಬಿಗಿದಿದ್ದರೆ ಜಗ್ಗು ನಾಲ್ಕನೇ ಒಂದು ಪಾಲು, ಒಂದೂವರೆ ಮಿಲಿಮೀಟರ್. ಅರೆಬಿಗಿಯಾದ ನಿಜವಾದ ಗೋಡೆಗಳು ಈ ಎರಡರ ನಡುವೆ ಎಲ್ಲೋ ನಿಲ್ಲುತ್ತವೆ.

ಅದನ್ನು ತಿಳಿಯಲು ದುಬಾರಿ ಉಪಕರಣ ಬೇಡ. ಎರಡು ಆಸರೆಗಳ ನೇರಕ್ಕೆ ತೊಲೆಗೇ ಬಿಗಿಯಾಗಿ ದಾರ ಕಟ್ಟಿ, ಭಾರ ಇಲ್ಲದಾಗ ಮತ್ತು ಭಾರ ಎತ್ತಿದಾಗ ನಡುವೆ ದಾರಕ್ಕೂ ತೊಲೆಗೂ ಇರುವ ಅಂತರ ಅಳೆದರೆ ಸಾಕು. ದಾರವನ್ನು ತೊಲೆಗೇ ಕಟ್ಟಿರುವುದರಿಂದ ಗೋಡೆ ಕುಸಿದ ಪಾಲು ಅಳತೆಯಲ್ಲಿ ಬೆರೆಯುವುದಿಲ್ಲ. ಪಟ್ಟಿ ಬೆಸೆಯುವುದು ಚೈನ್ ಬ್ಲಾಕ್ ಖಾಲಿ ಇದ್ದಾಗ. ಭಾರ ತೂಗುತ್ತಿರುವಾಗ ಬೆಸೆದರೆ ಆಗಲೇ ಬಾಗಿದ ತೊಲೆಗೆ ಪಟ್ಟಿ ನೆರವಾಗುವುದಿಲ್ಲ. ಬೆಸೆದ ಮೇಲೆ ಮತ್ತೆ ಅದೇ ದಾರ, ಅದೇ 2 ಟನ್. ಮೊದಲು 6 ತೋರಿಸಿದ್ದು ಈಗ ಮೂರೂವರೆಯ ಹತ್ತಿರ ಬರಬೇಕು. ಐದೂವರೆಯಲ್ಲೋ ಆರರಲ್ಲೋ ನಿಂತರೆ ಲೆಕ್ಕವನ್ನು ಮತ್ತೆ ತಿರುವಿ ಹಾಕುವ ಮೊದಲು ಬೆಸುಗೆಯ ಅಂಚನ್ನು ನೋಡಿ. ಪಟ್ಟಿ ತೊಲೆಯೊಂದಿಗೆ ಒಂದಾಗಿಲ್ಲ, ಅದರ ಮೇಲೆ ಸುಮ್ಮನೆ ಮಲಗಿದೆ.